ಒಂದು ದಿನ ತಡವಾದರೆ ₹9,750: ಮಾರ್ಚ್‌ನಲ್ಲಿ ನಷ್ಟ ಬುಕ್ ಮಾಡುವವರ ಲೆಕ್ಕ

ಷೇರು ಅದೇ, ನಷ್ಟವೂ ಅದೇ ಒಂದು ಲಕ್ಷ. ಮಾರ್ಚ್ 12ರೊಳಗೆ ಮಾರಿದರೆ ತೆರಿಗೆಯಲ್ಲಿ ₹20,800 ಉಳಿಯುತ್ತದೆ. 13ನೇ ತಾರೀಕಿಗೆ ಮಾರಿದರೆ ಉಳಿಯುವುದು ₹11,050. ಬೆಲೆಯಲ್ಲಿ ಒಂದು ಪೈಸೆಯ ವ್ಯತ್ಯಾಸ ಇಲ್ಲದಿದ್ದರೂ ಹೀಗಾಗುತ್ತದೆ. ವರ್ಷಾಂತ್ಯದಲ್ಲಿ ನಷ್ಟದ ಷೇರು ಮಾರಿ ಲಾಭದ ಮೇಲಿನ ತೆರಿಗೆ ಇಳಿಸಿಕೊಳ್ಳುವ ಟ್ಯಾಕ್ಸ್ ಲಾಸ್ ಹಾರ್ವೆಸ್ಟಿಂಗ್ ಬಗ್ಗೆ ಈಗ ಎಲ್ಲರೂ ಕೇಳಿದ್ದಾರೆ. ಆದರೆ ಹೆಚ್ಚಿನವರು ಆ್ಯಪ್ ತೆರೆದು, ಕೆಂಪು ಬಣ್ಣದಲ್ಲಿ ಕಾಣುವುದನ್ನೆಲ್ಲ ಮಾರ್ಚ್ ಕೊನೆಯ ವಾರ ಮಾರಿ ಕೈತೊಳೆದುಕೊಳ್ಳುತ್ತಾರೆ. ಯಾವ ನಷ್ಟ, ಯಾವಾಗ, ಎಷ್ಟು ಎಂಬುದರಲ್ಲೇ ಎಲ್ಲ ಇರುವುದು.

ಉಡುಪಿ ಕುಂಜಿಬೆಟ್ಟಿನ ಕಾಲೇಜು ಅಧ್ಯಾಪಕಿಯೊಬ್ಬರನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಲೆಕ್ಕ ಸುಲಭವಾಗಲೆಂದು ಅಂಕಿಗಳನ್ನು ದುಂಡಗೆ ಮಾಡಿದ್ದೇನೆ. 2025-26ರಲ್ಲಿ ಅವರು ಎರಡು ಕಡೆ ಲಾಭ ಮಾಡಿಕೊಂಡಿದ್ದಾರೆ. ಮೇ ತಿಂಗಳಲ್ಲಿ ಕೊಂಡ ಒಂದು ಷೇರನ್ನು ನವೆಂಬರಿನಲ್ಲಿ ಮಾರಿ ಬಂದದ್ದು ₹1,60,000. ಮಗನ ಫೀಸಿಗೆಂದು ಹಳೆಯ ಈಕ್ವಿಟಿ ಮ್ಯೂಚುವಲ್ ಫಂಡಿನಿಂದ ಹಣ ತೆಗೆದಾಗ ಬಂದದ್ದು ₹2,10,000. ಮೊದಲನೆಯದು ಹನ್ನೆರಡು ತಿಂಗಳು ದಾಟದ ಹೂಡಿಕೆ, ಹಾಗಾಗಿ ಅಲ್ಪಾವಧಿ ಲಾಭ. ಎರಡನೆಯದು ದೀರ್ಘಾವಧಿ.

2024ರ ಜುಲೈ 23ರಿಂದ ಇವೆರಡರ ದರ ಬದಲಾಗಿದೆ. ಷೇರುಪೇಟೆಯಲ್ಲಿ ಮಾರಿದ ಷೇರು ಮತ್ತು ಈಕ್ವಿಟಿ ಫಂಡುಗಳ ಅಲ್ಪಾವಧಿ ಲಾಭಕ್ಕೆ ಶೇ. 20. ದೀರ್ಘಾವಧಿ ಲಾಭದಲ್ಲಿ ವರ್ಷಕ್ಕೆ ₹1,25,000ವರೆಗೆ ತೆರಿಗೆ ಇಲ್ಲ, ಅದರಿಂದ ಮೇಲಿನದಕ್ಕೆ ಶೇ. 12.5. ಎರಡಕ್ಕೂ ಮೇಲೆ ಶೇ. 4 ಸೆಸ್. ಅಧ್ಯಾಪಕಿಯವರ ಲೆಕ್ಕಕ್ಕೆ ಹಚ್ಚಿದರೆ ಅಲ್ಪಾವಧಿಗೆ ₹32,000. ದೀರ್ಘಾವಧಿಯಲ್ಲಿ ವಿನಾಯಿತಿ ಕಳೆದು ಉಳಿದ ₹85,000ಕ್ಕೆ ₹10,625. ಸೆಸ್ ಸೇರಿ ಒಟ್ಟು ₹44,330.

ಇನ್ನು ಅವರ ಬಳಿ ನಷ್ಟದಲ್ಲಿ ಕೂತಿರುವುದು ಏನೇನು ಉಂಟು ನೋಡೋಣ. ಒಂದು ರಾಸಾಯನಿಕ ಕಂಪನಿಯ 400 ಷೇರು. 2025ರ ಮಾರ್ಚ್ 12ರಂದು ತಲಾ ₹600ಕ್ಕೆ ಕೊಂಡದ್ದು, ಈಗ ₹350. ನಷ್ಟ ಒಂದು ಲಕ್ಷ. ಇನ್ನೊಂದು, 2024ರ ಸೆಪ್ಟೆಂಬರಿನಲ್ಲಿ ಒಂದೇ ಗಂಟಿನಲ್ಲಿ ಹಾಕಿದ, ಒಂದೇ ಉದ್ಯಮದ ಷೇರುಗಳಲ್ಲಿ ಹೂಡುವ ಒಂದು ವಲಯ ಫಂಡ್. ಅದರಲ್ಲಿ ನಷ್ಟ ₹45,000.

"ಎಂತ ಮಾರಾಯ್ರೆ, ನಷ್ಟದಲ್ಲಿ ಮಾರಿ ಲಾಭ ಮಾಡುವುದಾ?" ಎಂದು ಇಂಥ ಸಂದರ್ಭದಲ್ಲಿ ಕೇಳದವರಿಲ್ಲ. ನಷ್ಟ ಆಗಿಯೇ ಬಿಟ್ಟಿದೆ, ಆದರೆ ಮಾರುವ ತನಕ ಆದಾಯ ತೆರಿಗೆ ಇಲಾಖೆಯ ಕಣ್ಣಿಗೆ ಅದು ನಷ್ಟವೇ ಅಲ್ಲ. ಮಾರಿದ ಮೇಲೆ ಅದೇ ವರ್ಷದ ಲಾಭದಿಂದ ಕಳೆಯಲು ಸಿಗುತ್ತದೆ.

ಕಳೆಯುವುದಕ್ಕೆ ಒಂದು ಏಕಮುಖ ನಿಯಮ ಉಂಟು, ಉಳಿದದ್ದೆಲ್ಲ ಅದರ ಸುತ್ತಲೇ ತಿರುಗುತ್ತದೆ. ಅಲ್ಪಾವಧಿ ನಷ್ಟವನ್ನು ಅಲ್ಪಾವಧಿ ಲಾಭದಿಂದಲೂ ಕಳೆಯಬಹುದು, ದೀರ್ಘಾವಧಿ ಲಾಭದಿಂದಲೂ ಕಳೆಯಬಹುದು. ದೀರ್ಘಾವಧಿ ನಷ್ಟವನ್ನು ಮಾತ್ರ ದೀರ್ಘಾವಧಿ ಲಾಭದಿಂದಲೇ ಕಳೆಯಬೇಕು. ಸಂಬಳ, ಬಾಡಿಗೆ, ಎಫ್‌ಡಿ ಬಡ್ಡಿ, ಇವುಗಳಿಂದ ಎರಡನ್ನೂ ಕಳೆಯುವಂತಿಲ್ಲ. ಷೇರಿನಲ್ಲಿ ಕಳೆದುಕೊಂಡದ್ದನ್ನು ಸಂಬಳದ ತೆರಿಗೆಯಲ್ಲಿ ಹಿಡಿದುಕೊಳ್ಳಬಹುದಾ ಎಂದು ಪ್ರತಿ ವರ್ಷ ಯಾರಾದರೂ ಕೇಳುತ್ತಾರೆ. ಸಾಧ್ಯವಿಲ್ಲ.

ಈಗ ರಾಸಾಯನಿಕ ಷೇರಿಗೆ ಬರೋಣ. ಹನ್ನೆರಡು ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಅದು ದೀರ್ಘಾವಧಿ. 2025ರ ಮಾರ್ಚ್ 12ಕ್ಕೆ ಕೊಂಡದ್ದನ್ನು 2026ರ ಮಾರ್ಚ್ 12ರಂದು ಮಾರಿದರೆ ಇನ್ನೂ ಹನ್ನೆರಡು ತಿಂಗಳು ಮೀರಿಲ್ಲ, 13ಕ್ಕೆ ಮೀರಿತು. ಗಡಿಯ ದಿನದ ಜಗಳ ಬೇಡ ಎನ್ನುವವರು ಒಂದೆರಡು ದಿನ ಮೊದಲೇ ಮುಗಿಸುವುದು ಒಳ್ಳೆಯದು. ಗಡಿಯೊಳಗೆ ಮಾರಿದರೆ ಆ ಒಂದು ಲಕ್ಷ ಅಲ್ಪಾವಧಿ ನಷ್ಟವಾಗಿ ಶೇ. 20ರ ಲಾಭವನ್ನೇ ಕರಗಿಸುತ್ತದೆ. ₹1,60,000 ಇದ್ದದ್ದು ₹60,000 ಆಗುತ್ತದೆ, ತೆರಿಗೆ ₹32,000ದಿಂದ ₹12,000ಕ್ಕೆ ಇಳಿಯುತ್ತದೆ. ಸೆಸ್ ಸೇರಿ ಉಳಿತಾಯ ₹20,800.

ಗಡಿ ದಾಟಿದ ಮೇಲೆ ಮಾರಿದರೆ ಅದೇ ಒಂದು ಲಕ್ಷ ದೀರ್ಘಾವಧಿ ನಷ್ಟ. ಅಲ್ಪಾವಧಿ ಲಾಭವನ್ನು ಅದು ಮುಟ್ಟುವಂತಿಲ್ಲ. ಫಂಡಿನ ₹2,10,000ದಿಂದ ಕಳೆದರೆ ₹1,10,000 ಉಳಿಯುತ್ತದೆ. ಅಲ್ಲಿ ತೆರಿಗೆ ಬೀಳುತ್ತಿದ್ದದ್ದು ₹85,000ಕ್ಕೆ ಮಾತ್ರ. ಮಿಕ್ಕ ₹15,000 ನಷ್ಟ ಹೇಗೂ ತೆರಿಗೆ ಇಲ್ಲದ ಭಾಗವನ್ನು ತಿಂದು ಹಾಕಿತು. ಉಳಿತಾಯವಾದ ತೆರಿಗೆ ₹10,625, ಸೆಸ್ ಸೇರಿ ₹11,050.

ಆ ₹15,000ದ ಬಗ್ಗೆ ಸ್ವಲ್ಪ ನಿಲ್ಲಬೇಕು, ಯಾಕೆಂದರೆ ಹೆಚ್ಚಿನವರು ಎಡವುವುದು ಇಲ್ಲೇ. ₹1,25,000ದ ವಿನಾಯಿತಿ ಅನ್ವಯವಾಗುವುದು ನಷ್ಟವನ್ನೆಲ್ಲ ಕಳೆದ ಮೇಲೆ, ಮೊದಲಲ್ಲ. "ಮೊದಲು ವಿನಾಯಿತಿ ತೆಗೆದುಕೊಳ್ಳುತ್ತೇನೆ, ನಷ್ಟವನ್ನು ಮುಂದಿನ ವರ್ಷಕ್ಕೆ ಇಟ್ಟುಕೊಳ್ಳುತ್ತೇನೆ" ಎಂಬ ಆಯ್ಕೆ ಕಾನೂನಿನಲ್ಲಿ ಇಲ್ಲ. ಈ ವರ್ಷದ ನಷ್ಟ ಈ ವರ್ಷದ ಲಾಭದಿಂದ ಕಳೆದೇ ಹೋಗುತ್ತದೆ, ಪ್ರಯೋಜನ ಇರಲಿ ಇಲ್ಲದಿರಲಿ. ಹಾಗಾಗಿ ಒಬ್ಬರ ದೀರ್ಘಾವಧಿ ಲಾಭ ವರ್ಷಕ್ಕೆ ₹90,000 ಮಾತ್ರ ಇದ್ದು, ಅಲ್ಪಾವಧಿ ಲಾಭ ಏನೂ ಇಲ್ಲದಿದ್ದರೆ, ಅವರು ನಷ್ಟದ ಷೇರು ಮಾರಿ ತೆರಿಗೆ ಉಳಿಸುವುದು ಸೊನ್ನೆ. ಒಳ್ಳೆಯ ನಷ್ಟವೊಂದನ್ನು ಸುಮ್ಮನೆ ಕಳೆದುಕೊಂಡಂತಾಯಿತು. ಅಂಥವರು ಉಲ್ಟಾ ಕೆಲಸ ಮಾಡಬೇಕು: ವಿನಾಯಿತಿಯಲ್ಲಿ ಉಳಿದ ₹35,000ದಷ್ಟು ದೀರ್ಘಾವಧಿ ಲಾಭವನ್ನು ಮಾರಿ ಬುಕ್ ಮಾಡಿ, ಮತ್ತೆ ಕೊಂಡುಕೊಂಡರೆ ಕೊಂಡ ಬೆಲೆ ಮೇಲೇರುತ್ತದೆ, ತೆರಿಗೆಯೂ ಇಲ್ಲ.

ನಮ್ಮ ಅಧ್ಯಾಪಕಿ ಮಾರ್ಚ್ 12ರೊಳಗೆ ಷೇರು ಮಾರಿದರು ಎಂದಿಟ್ಟುಕೊಳ್ಳಿ. ಈಗ ವಲಯ ಫಂಡಿನ ₹45,000ಕ್ಕೂ ಕೆಲಸ ಸಿಗುತ್ತದೆ. ಅದು ಹನ್ನೆರಡು ತಿಂಗಳು ದಾಟಿದ್ದರಿಂದ ದೀರ್ಘಾವಧಿ ನಷ್ಟ. ₹2,10,000ದಿಂದ ಕಳೆದರೆ ₹1,65,000, ವಿನಾಯಿತಿ ಹೋಗಿ ₹40,000, ಅದಕ್ಕೆ ತೆರಿಗೆ ₹5,000. ಎರಡೂ ಸೇರಿ ಈ ವರ್ಷ ಅವರು ಕಟ್ಟಬೇಕಾದದ್ದು ₹17,000, ಸೆಸ್ ಸೇರಿ ₹17,680. ಮೊದಲು ಇದ್ದದ್ದು ₹44,330. ಷೇರನ್ನು 13ರ ನಂತರ ಮಾರಿದ್ದರೆ ಈ ಫಂಡಿನ ನಷ್ಟಕ್ಕೆ ಜಾಗವೇ ಇರುತ್ತಿರಲಿಲ್ಲ.

ಅವರ ಬಳಿ ₹70,000 ನಷ್ಟದ ಮೂರನೆಯ ಹಳೆಯ ಫಂಡ್ ಕೂಡ ಇದ್ದರೆ? ಉಳಿದಿರುವ ಜಾಗ ₹40,000 ಮಾತ್ರ. ಅಷ್ಟು ನಷ್ಟ ಬರುವಷ್ಟೇ ಯೂನಿಟ್ ಮಾರಬೇಕು, ಉಳಿದದ್ದು ಮುಂದಿನ ವರ್ಷಕ್ಕೆ ಇರಲಿ. ಪೂರ್ತಿ ಮಾರಿದರೆ ₹30,000 ನಷ್ಟ ವಿನಾಯಿತಿಯ ಹೊಟ್ಟೆಗೆ ಹೋಗುತ್ತದೆ.

ಈ ಲೆಕ್ಕವನ್ನು ಕಾಗದದ ಮೇಲೆ ಮಾಡಿದಷ್ಟು ಸಲೀಸಾಗಿ ಡಿಮ್ಯಾಟ್ ಖಾತೆಯಲ್ಲಿ ಮಾಡಲು ಆಗುವುದಿಲ್ಲ. ಅಲ್ಲಿ ಮೊದಲು ಬಂದದ್ದು ಮೊದಲು ಹೊರಗೆ ಎಂಬ ನಿಯಮ ನಡೆಯುತ್ತದೆ. ಒಂದೇ ಕಂಪನಿಯ ಷೇರನ್ನು ಬೇರೆ ಬೇರೆ ದಿನ ಕೊಂಡಿದ್ದರೆ, ಮಾರುವಾಗ ಅತಿ ಹಳೆಯ ಖರೀದಿಯೇ ಮೊದಲು ಮಾರಾಟವಾಯಿತೆಂದು ಲೆಕ್ಕ. ನಮಗೆ ಬೇಕಾದದ್ದನ್ನು ಆರಿಸುವಂತಿಲ್ಲ.

ಅದೇ ರಾಸಾಯನಿಕ ಷೇರನ್ನು ಅಧ್ಯಾಪಕಿ 2021ರಲ್ಲೂ ಕೊಂಡಿದ್ದರು ಎನ್ನೋಣ: 300 ಷೇರು, ತಲಾ ₹150ಕ್ಕೆ. ಈಗ ಖಾತೆಯಲ್ಲಿ 700 ಷೇರು. ಆ್ಯಪ್ ಅವರಿಗೆ ಏನು ತೋರಿಸುತ್ತದೆ? ಸರಾಸರಿ ಬೆಲೆ ಸುಮಾರು ₹407, ಈಗಿನ ಬೆಲೆ ₹350, ಒಟ್ಟು ನಷ್ಟ ₹40,000. ಎಲ್ಲ ಕೆಂಪು. ಇದನ್ನು ನಂಬಿ 400 ಷೇರು ಮಾರಿದರೆ, ಹೊರಗೆ ಹೋಗುವುದು ಮೊದಲು 2021ರ 300 ಷೇರು. ಅದರಲ್ಲಿ ತಲಾ ₹200ರಂತೆ ₹60,000 ದೀರ್ಘಾವಧಿ ಲಾಭ! ನಂತರ ಹೊಸ ಖರೀದಿಯ 100 ಷೇರಿನಲ್ಲಿ ₹25,000 ಅಲ್ಪಾವಧಿ ನಷ್ಟ. ಒಂದು ಲಕ್ಷ ನಷ್ಟ ಬುಕ್ ಮಾಡಲು ಹೋದವರು ನಿವ್ವಳ ₹35,000 ಲಾಭ ಬುಕ್ ಮಾಡಿಕೊಂಡು ಬಂದರು. ಆ್ಯಪಿನ ಸರಾಸರಿ ಬೆಲೆ ಆದಾಯ ತೆರಿಗೆಗೆ ಏನೂ ಅಲ್ಲ. ಬ್ರೋಕರ್ ಕೊಡುವ ಕ್ಯಾಪಿಟಲ್ ಗೇನ್ಸ್ ವರದಿಯನ್ನು, ಖರೀದಿವಾರು ವಿವರ ಇರುವುದನ್ನು, ಡೌನ್‌ಲೋಡ್ ಮಾಡಿ ನೋಡದೆ ಯಾರೂ ಮಾರಾಟದ ಗುಂಡಿ ಒತ್ತಬಾರದು.

ಹಾಗಾದರೆ ಇಂಥ ಷೇರನ್ನು ಬಿಟ್ಟುಬಿಡುವುದಾ? ಅದೂ ಲೆಕ್ಕದ ಮಾತು. 700ನ್ನೂ ಮಾರಿದರೆ ಒಂದು ಲಕ್ಷ ಅಲ್ಪಾವಧಿ ನಷ್ಟ ಪೂರ್ತಿ ಕೈಗೆ ಬರುತ್ತದೆ, ಅದರಿಂದ ₹20,000 ಉಳಿಯುತ್ತದೆ. ಜೊತೆಗೆ ಬರುವ ₹60,000 ದೀರ್ಘಾವಧಿ ಲಾಭಕ್ಕೆ ₹7,500 ತೆರಿಗೆ. ಆಗಲೂ ₹12,500 ಮಿಕ್ಕಿತು. ವಿನಾಯಿತಿಯಲ್ಲಿ ಜಾಗ ಇದ್ದವರಿಗೆ ಆ ₹7,500 ಕೂಡ ಬೀಳುವುದಿಲ್ಲ. ಈ ನಿಯಮ ಪ್ರತಿ ಡಿಮ್ಯಾಟ್ ಖಾತೆಗೂ ಪ್ರತ್ಯೇಕ. ಹೊಸ ಖರೀದಿ ಇನ್ನೊಂದು ಡಿಮ್ಯಾಟ್ ಖಾತೆಯಲ್ಲಿದ್ದರೆ ಹಳೆಯದನ್ನು ಮುಟ್ಟದೆ ಅದನ್ನೇ ಮಾರಬಹುದು. ದೀರ್ಘಕಾಲಕ್ಕೆ ಇಡುವ ಷೇರಿಗೊಂದು, ಆಗಾಗ ಕೊಂಡು ಮಾರುವುದಕ್ಕೊಂದು ಎಂದು ಎರಡು ಖಾತೆ ಇಟ್ಟುಕೊಂಡವರಿಗೆ ಮಾರ್ಚ್ ತಿಂಗಳು ಹಗುರ.

ಮ್ಯೂಚುವಲ್ ಫಂಡಿನ ಎಸ್‌ಐಪಿಯಲ್ಲಿ ಇದು ಇನ್ನೂ ಬಿಗಿ. ಪ್ರತಿ ತಿಂಗಳ ಕಂತೂ ಒಂದೊಂದು ಖರೀದಿ. ಕಳೆದ ಆರೇಳು ಕಂತುಗಳು ನಷ್ಟದಲ್ಲಿದ್ದು, ಅದಕ್ಕಿಂತ ಹಿಂದಿನವೆಲ್ಲ ಲಾಭದಲ್ಲಿರುವುದು ಸಾಮಾನ್ಯ. ಹೊಸ ಕಂತುಗಳನ್ನು ಮುಟ್ಟಬೇಕೆಂದರೆ ಹಳೆಯವನ್ನೆಲ್ಲ ಮೊದಲು ತೆಗೆಯಬೇಕು. ಅಂಥ ಕಡೆ ನಷ್ಟ ಹುಡುಕಲು ಹೋಗದಿರುವುದೇ ವಾಸಿ. ಒಂದು ವರ್ಷದೊಳಗಿನ ಯೂನಿಟ್ ತೆಗೆದರೆ ಬಹಳಷ್ಟು ಈಕ್ವಿಟಿ ಫಂಡುಗಳು ಬೇಗ ಹೊರಬಿದ್ದದ್ದಕ್ಕೆ ಶೇ. 1 ಎಕ್ಸಿಟ್ ಲೋಡ್ ಹಿಡಿಯುತ್ತವೆ, ಅದನ್ನೂ ಲೆಕ್ಕಕ್ಕೆ ಹಾಕಬೇಕು. ತೆರಿಗೆ ಉಳಿತಾಯದ ಇಎಲ್‌ಎಸ್‌ಎಸ್ ಫಂಡಿನ ಮೂರು ವರ್ಷ ಮುಗಿಯದ ಕಂತುಗಳನ್ನು ಮುಟ್ಟುವ ಹಾಗೇ ಇಲ್ಲ.

ಫಂಡುಗಳ ವಿಷಯದಲ್ಲಿ ನನಗೆ ಇಷ್ಟವಾದ ಒಂದು ಉಪಯೋಗ ಉಂಟು. ಊರಿನ ಏಜೆಂಟರ ಮೂಲಕ ಹತ್ತು ವರ್ಷದ ಹಿಂದೆ ಹಾಕಿದ ರೆಗ್ಯುಲರ್ ಪ್ಲಾನ್‌ನಿಂದ ಕಡಿಮೆ ಖರ್ಚಿನ ಡೈರೆಕ್ಟ್ ಪ್ಲಾನ್‌ಗೆ ಹೋಗಬೇಕೆಂದು ಬಹಳ ಜನ ಯೋಚಿಸುತ್ತಾರೆ. ಫಂಡ್ ಅದೇ ಆದರೂ ಕಾನೂನಿನ ಪ್ರಕಾರ ಅದು ಮಾರಾಟ. ಲಾಭದಲ್ಲಿದ್ದರೆ ತೆರಿಗೆ ಬೀಳುತ್ತದೆಂದು ಮುಂದೂಡುತ್ತಾ ಬರುತ್ತಾರೆ. ನಷ್ಟದಲ್ಲಿ ಅಥವಾ ಸಮಸಮವಾಗಿ ಇರುವ ವರ್ಷವೇ ಅದಕ್ಕೆ ಸರಿಯಾದ ಕಾಲ. ಬದಲಾವಣೆಯೂ ಆಯಿತು, ನಷ್ಟವೂ ಬುಕ್ ಆಯಿತು.

ಇನ್ನು ಮಾರಿದ ಷೇರನ್ನು ಮತ್ತೆ ಕೊಳ್ಳುವ ವಿಚಾರ. ಅಮೆರಿಕದಲ್ಲಿ ನಷ್ಟಕ್ಕೆ ಮಾರಿದ ಷೇರನ್ನೇ 30 ದಿನದೊಳಗೆ ಕೊಂಡರೆ ಆ ನಷ್ಟ ಲೆಕ್ಕಕ್ಕೆ ಸಿಗುವುದಿಲ್ಲ. ಅಲ್ಲಿನ ಬರಹ ಓದಿದವರು ಇಲ್ಲೂ ಒಂದು ತಿಂಗಳು ಕಾಯುತ್ತಾರೆ. ನಮ್ಮ ಕಾನೂನಿನಲ್ಲಿ ಅಂಥ ಅವಧಿ ಇಲ್ಲ. ಆದರೆ ಅದೇ ದಿನ ಕೊಳ್ಳಬಾರದು. ಬೆಳಿಗ್ಗೆ 400 ಮಾರಿ ಮಧ್ಯಾಹ್ನ ಅದೇ ಖಾತೆಯಲ್ಲಿ 400 ಕೊಂಡರೆ ಎರಡೂ ಒಂದಕ್ಕೊಂದು ವಜಾ ಆಗಿ ಇಂಟ್ರಾಡೇ ವಹಿವಾಟು ಅನ್ನಿಸಿಕೊಳ್ಳುತ್ತದೆ. ಡಿಮ್ಯಾಟಿನಿಂದ ಒಂದು ಷೇರೂ ಹೊರಗೆ ಹೋಗಿಲ್ಲ, ಹಳೆಯ ಖರೀದಿ ಹಾಗೇ ಕೂತಿದೆ, ಒಂದು ಲಕ್ಷ ನಷ್ಟ ಬುಕ್ ಆಗಿಲ್ಲ. ಆಗಿರುವುದು ಬೆಳಿಗ್ಗೆ ಮಧ್ಯಾಹ್ನದ ನಡುವಿನ ಚಿಲ್ಲರೆ ವ್ಯತ್ಯಾಸ ಮಾತ್ರ, ಅದೂ ಸಟ್ಟಾ ವ್ಯವಹಾರದ ಖಾತೆಗೆ. ಇದು ಆಗಿದೆಯೇ ಎಂದು ತಿಳಿಯುವುದು ಸುಲಭ. ಮರುದಿನ ಡಿಮ್ಯಾಟ್ ಸ್ಟೇಟ್‌ಮೆಂಟಿನಲ್ಲಿ 400 ಷೇರು ಡೆಬಿಟ್ ಆದ ಸಾಲು ಇಲ್ಲದಿದ್ದರೆ ಮಾರಾಟ ಆಗಿಲ್ಲ ಎಂದೇ ಅರ್ಥ.

ಹಾಗಾಗಿ ಇವತ್ತು ಮಾರಿ ನಾಳೆ ಕೊಳ್ಳಬೇಕು. ನಡುವೆ ಒಂದು ರಾತ್ರಿಯ ಅಪಾಯ ಉಂಟು. ಇಲ್ಲಿ ವ್ಯವಹಾರ ₹1,40,000ದ್ದು. ಮಾರಾಟ, ಖರೀದಿ ಎರಡಕ್ಕೂ ಶೇ. 0.1ರಂತೆ ಷೇರು ವಹಿವಾಟಿನ ತೆರಿಗೆಯಾದ ಎಸ್‌ಟಿಟಿ ₹140 ಮತ್ತು ₹140, ಖರೀದಿಯ ಸ್ಟ್ಯಾಂಪ್ ಡ್ಯೂಟಿ ₹21, ಮೇಲೆ ಬ್ರೋಕರೇಜು, ಡಿಪಿ ಶುಲ್ಕ. ಇದೆಲ್ಲ ನೂರರ ಲೆಕ್ಕ. ಬೆಳಗಾಗುವಾಗ ಬೆಲೆ ಶೇ. 2 ಏರಿದ್ದರೆ ಹೋದದ್ದು ₹2,800. ಅದನ್ನು ತಪ್ಪಿಸಬೇಕೆಂದರೆ ಕೈಯಲ್ಲಿ ಹಣ ಇದ್ದವರು ಉಲ್ಟಾ ಮಾಡಬಹುದು: ಇವತ್ತು ಹೊಸದಾಗಿ 400 ಕೊಂಡು, ನಾಳೆ 400 ಮಾರಿದರೆ ಆಯಿತು. ಮೊದಲು ಬಂದದ್ದು ಮೊದಲು ಹೊರಗೆ ಎಂಬ ನಿಯಮವೇ ಇಲ್ಲಿ ನಮ್ಮ ಪರ. ಹೊರಗೆ ಹೋಗುವುದು ₹600ರ ಹಳೆಯ ಖರೀದಿ, ಉಳಿಯುವುದು ₹350ರ ಹೊಸದು. ಮಧ್ಯೆ ಒಂದು ರಾತ್ರಿ 800 ಷೇರಿನ ಏರಿಳಿತ ಹೊರಬೇಕು, ಅಷ್ಟೇ. ಇದಕ್ಕಿಂತ ಮೊದಲು ಕೇಳಿಕೊಳ್ಳಬೇಕಾದದ್ದು ಬೇರೆ: ಈ ಷೇರು ನನ್ನ ಬಳಿ ಇಲ್ಲದಿದ್ದರೆ ಇವತ್ತು ₹350ಕ್ಕೆ ಕೊಳ್ಳುತ್ತಿದ್ದೆನಾ? ಇಲ್ಲ ಎಂದಾದರೆ ಮತ್ತೆ ಯಾಕೆ ಕೊಳ್ಳಬೇಕು?

ಭಾವನೊಟ್ಟಿಗೆ ಮಾತಾಡಿಕೊಂಡು, ವಹಿವಾಟೇ ಇಲ್ಲದ ಒಂದು ಷೇರನ್ನು ನಿಗದಿ ಬೆಲೆಗೆ ಅವರ ಖಾತೆಗೆ ಮಾರಿ ಮತ್ತೆ ವಾಪಸ್ ತರಿಸಿಕೊಳ್ಳುವ ಬುದ್ಧಿವಂತರೂ ಇದ್ದಾರೆ. ಅದು ತೆರಿಗೆ ಯೋಜನೆಯಲ್ಲ, ನೋಟಿಸು ಬರಲು ಆಹ್ವಾನ. ಪೇಟೆಯ ಬೆಲೆಗೆ, ಗುರುತು ಇಲ್ಲದ ಕೊಳ್ಳುವವರಿಗೆ ಮಾರಿದರೆ ಮಾತ್ರ ನೆಮ್ಮದಿ.

ಉಳಿಸಿದ ₹20,800 ಪೂರ್ತಿ ನಮ್ಮದೇ ಆಯಿತಾ? ಅಷ್ಟು ಬೇಗ ಹೌದೆನ್ನಲಾಗದು. ಮತ್ತೆ ಕೊಂಡಾಗ ಕೊಂಡ ಬೆಲೆ ₹600ರಿಂದ ₹350ಕ್ಕೆ ಇಳಿಯಿತು, ಹನ್ನೆರಡು ತಿಂಗಳ ಎಣಿಕೆಯೂ ಮೊದಲಿನಿಂದ ಶುರುವಾಯಿತು. ಎಂಟು ತಿಂಗಳಲ್ಲಿ ಬೆಲೆ ಪುನಃ ₹600 ಮುಟ್ಟಿ ಅಧ್ಯಾಪಕಿ ಮಾರಿದರೆ ಒಂದು ಲಕ್ಷ ಅಲ್ಪಾವಧಿ ಲಾಭ, ಶೇ. 20 ತೆರಿಗೆ. ಉಳಿಸಿದ್ದನ್ನು ಹಾಗೇ ವಾಪಸು ಕೊಟ್ಟಂತಾಯಿತು, ಅಷ್ಟು ಕಾಲ ಹಣ ನಮ್ಮ ಕೈಯಲ್ಲಿತ್ತು ಎಂಬುದೊಂದೇ ಲಾಭ. ಹದಿಮೂರನೇ ತಿಂಗಳಲ್ಲಿ ಮಾರಿದರೆ ಶೇ. 12.5, ಅಂದರೆ ₹12,500. ಆ ವರ್ಷ ಬೇರೆ ದೀರ್ಘಾವಧಿ ಲಾಭ ಇಲ್ಲದಿದ್ದರೆ ₹1,25,000ದೊಳಗೆ ಬರುವುದರಿಂದ ಸೊನ್ನೆ. ಶೇ. 20ರಲ್ಲಿ ಉಳಿಸಿ, ಶೇ. 12.5ರಲ್ಲೋ ಸೊನ್ನೆಯಲ್ಲೋ ಕಟ್ಟುವ ಈ ಅಂತರವೇ ನಿಜವಾದ ಗಳಿಕೆ. ಅಲ್ಪಾವಧಿ ನಷ್ಟಕ್ಕೆ ನಾನು ಇಷ್ಟು ಬೆಲೆ ಕೊಡುವುದು ಅದಕ್ಕೇ.

ಬ್ಯಾಂಕುಗಳ ತವರಾದ ನಮ್ಮ ಎರಡು ಜಿಲ್ಲೆಗಳಲ್ಲಿ ಇನ್ನೊಂದು ವಿಶೇಷ ಉಂಟು. ಕೆನರಾ, ಕಾರ್ಪೊರೇಷನ್, ಕರ್ಣಾಟಕ, ಸಿಂಡಿಕೇಟ್, ವಿಜಯಾ, ಐದೂ ಹುಟ್ಟಿದ್ದು ಮಂಗಳೂರು ಉಡುಪಿಯಲ್ಲೇ ಆದ್ದರಿಂದ ಇಲ್ಲಿನ ಎಷ್ಟೋ ಮನೆಗಳಲ್ಲಿ ಅಪ್ಪ ಅಮ್ಮನ ಕಾಲದ ಬ್ಯಾಂಕ್ ಷೇರು ಇರುತ್ತದೆ. ಇಂಥ ಹಳೆಯ ಷೇರುಗಳು ನಷ್ಟದಲ್ಲಿವೆ ಎಂದು ಕಂಡರೂ ಕೈಗೆ ನಷ್ಟ ಸಿಗದೆ ಹೋಗಬಹುದು. 2018ರ ಜನವರಿ 31ರವರೆಗೆ ಕೊಂಡ ಷೇರಿಗೆ ಆ ದಿನದ ಬೆಲೆಯನ್ನು ಕೊಂಡ ಬೆಲೆಯಾಗಿ ಹಿಡಿಯಬಹುದು ಎಂಬುದು ಹೆಚ್ಚಿನವರಿಗೆ ಗೊತ್ತು. ಅದರ ಜೊತೆಗಿರುವ ಷರತ್ತು ಅಷ್ಟು ಗೊತ್ತಿಲ್ಲ. ಆ ದಿನದ ಬೆಲೆ ಮತ್ತು ಮಾರಿದ ಬೆಲೆ, ಇವೆರಡರಲ್ಲಿ ಕಡಿಮೆಯದನ್ನು ಮೊದಲು ಆರಿಸಿಕೊಳ್ಳಬೇಕು. ಅದನ್ನು ನಿಜವಾಗಿ ಕೊಂಡ ಬೆಲೆಯೊಂದಿಗೆ ಹೋಲಿಸಿ ಹೆಚ್ಚಿನದನ್ನು ಹಿಡಿಯಬೇಕು. ಅಪ್ಪ ₹20ಕ್ಕೆ ಕೊಂಡ ಷೇರು, 2018ರ ಆ ದಿನ ₹70, ಇವತ್ತು ₹50 ಎಂದುಕೊಳ್ಳಿ. ಮಗ ₹20 ನಷ್ಟ ಎಂದು ಮಾರಿದರೆ ಲೆಕ್ಕದಲ್ಲಿ ಬರುವುದು ಕೊಂಡ ಬೆಲೆ ₹50, ಮಾರಿದ ಬೆಲೆ ₹50. ಲಾಭವೂ ಇಲ್ಲ, ನಷ್ಟವೂ ಇಲ್ಲ. ತೆರಿಗೆ ಇಲ್ಲದೆ ಹೊರಗೆ ಬರಲು ಇದು ಒಳ್ಳೆಯದೇ, ಬೇರೆ ಲಾಭದಿಂದ ಕಳೆಯಲು ಮಾತ್ರ ಇದರಿಂದ ಏನೂ ಸಿಗುವುದಿಲ್ಲ.

ಬೋನಸ್ ಬಂದ ಷೇರಿನಲ್ಲೂ ಇಂಥದೇ ಒಂದು ಬಲೆ. ಬೋನಸ್ ಯಾರಿಗೆ ಎಂದು ಕಂಪನಿ ನೋಡುವ ದಾಖಲೆ ದಿನಾಂಕಕ್ಕೆ ಮೊದಲಿನ ಮೂರು ತಿಂಗಳೊಳಗೆ ಕೊಂಡು, ಬೋನಸ್ ಪಡೆದು, ಆ ದಿನಾಂಕದಿಂದ ಒಂಬತ್ತು ತಿಂಗಳೊಳಗೆ ಮೂಲ ಷೇರನ್ನು ನಷ್ಟಕ್ಕೆ ಮಾರಿ ಬೋನಸನ್ನು ಇಟ್ಟುಕೊಂಡರೆ ಆ ನಷ್ಟವನ್ನು ಈಗ ಕಳೆಯಲು ಬಿಡುವುದಿಲ್ಲ. ಅದು ಬೋನಸ್ ಷೇರಿನ ಕೊಂಡ ಬೆಲೆಯಾಗಿ ಕೂರುತ್ತದೆ.

ಯಾರ ಹೆಸರಿನಲ್ಲಿ ಮಾರುತ್ತಿದ್ದೇವೆ ಎಂಬುದನ್ನೂ ನೋಡಬೇಕು. ಮನೆಯಲ್ಲಿರುವ ಅಮ್ಮನಿಗೆ ಬೇರೆ ಆದಾಯ ಏನೂ ಇಲ್ಲ, ತಮ್ಮದೇ ಹಣದ ಷೇರಿನಲ್ಲಿ ಅವರಿಗೆ ಎರಡು ಲಕ್ಷ ಅಲ್ಪಾವಧಿ ಲಾಭ ಬಂದಿದೆ ಎಂದರೆ, 2025-26ರ ಹೊಸ ಪದ್ಧತಿಯಲ್ಲಿ ಇರುವ ₹4 ಲಕ್ಷದ ಮೂಲ ವಿನಾಯಿತಿ ಮಿತಿಯೊಳಗೆ ಅದು ಮುಚ್ಚಿಹೋಗುತ್ತದೆ. ಅವರಿಗಾಗಿ ನಷ್ಟ ಬುಕ್ ಮಾಡುವುದು ವ್ಯರ್ಥ. ಆದರೆ ₹12 ಲಕ್ಷದವರೆಗೆ ತೆರಿಗೆ ಇಲ್ಲ ಎಂಬ ರಿಯಾಯಿತಿ ಷೇರಿನ ಈ ವಿಶೇಷ ದರದ ತೆರಿಗೆಗೆ ಅನ್ವಯವಾಗುವುದಿಲ್ಲ. ಪಿಂಚಣಿ ಎಂಟು ಲಕ್ಷ ಇರುವ ನಿವೃತ್ತರು "ನನಗೆ ಹೇಗೂ ತೆರಿಗೆ ಇಲ್ಲವಲ್ಲ" ಎಂದು ಸುಮ್ಮನೆ ಕೂತರೆ, ಷೇರಿನ ಅಲ್ಪಾವಧಿ ಲಾಭಕ್ಕೆ ಶೇ. 20 ಕಟ್ಟಲೇಬೇಕಾಗುತ್ತದೆ. ಗಂಡನ ಹಣದಿಂದ ಹೆಂಡತಿಯ ಹೆಸರಲ್ಲಿ ಕೊಂಡ ಷೇರಿನ ಲಾಭ ಗಂಡನ ಲೆಕ್ಕಕ್ಕೇ ಸೇರುತ್ತದೆ.

ಇದನ್ನೆಲ್ಲ ಯಾವಾಗ ಮಾಡಬೇಕು? ನನ್ನನ್ನು ಕೇಳಿದರೆ ಫೆಬ್ರವರಿಯಲ್ಲೇ ಕೂತು ಹನ್ನೆರಡು ತಿಂಗಳು ತುಂಬಲಿರುವ ನಷ್ಟದ ಖರೀದಿಗಳನ್ನು ದಿನಾಂಕದ ಪ್ರಕಾರ ಬರೆದುಕೊಳ್ಳಬೇಕು. ಅಧ್ಯಾಪಕಿಯ ಷೇರಿನ ಗಡುವು ಮಾರ್ಚ್ 31 ಆಗಿರಲಿಲ್ಲ, ಮಾರ್ಚ್ 12 ಆಗಿತ್ತು. ಮಾರ್ಚ್ 15ಕ್ಕೆ ಮುಂಗಡ ತೆರಿಗೆಯ ಕೊನೆಯ ಕಂತೂ ಬರುತ್ತದೆ. ಅದಕ್ಕಿಂತ ಮೊದಲೇ ನಷ್ಟ ಬುಕ್ ಆಗಿದ್ದರೆ ಕಟ್ಟಬೇಕಾದ ಮೊತ್ತ ಸ್ಪಷ್ಟವಾಗಿರುತ್ತದೆ. ಕೊನೆಯ ದಿನಕ್ಕೆ ಕಾಯುವವರು ರಜೆಯ ಪಟ್ಟಿ ನೋಡಲಿ. 2024ರಲ್ಲಿ ಗುಡ್ ಫ್ರೈಡೆ ಮತ್ತು ವಾರಾಂತ್ಯ, 2025ರಲ್ಲಿ ವಾರಾಂತ್ಯ ಮತ್ತು ಈದ್, ಹೀಗೆ ಎರಡು ವರ್ಷವೂ ಷೇರುಪೇಟೆಯ ಕೊನೆಯ ವಹಿವಾಟು ದಿನ ಮಾರ್ಚ್ 28 ಆಗಿತ್ತು. ಷೇರಿಗೆ ಲೆಕ್ಕಕ್ಕೆ ಬರುವುದು ಬ್ರೋಕರನ ಕಾಂಟ್ರ್ಯಾಕ್ಟ್ ನೋಟಿನಲ್ಲಿರುವ ದಿನಾಂಕ, ಹಣ ಖಾತೆಗೆ ಬಂದ ದಿನವಲ್ಲ. ಫಂಡಿಗೆ ಯಾವ ದಿನದ ಯೂನಿಟ್ ಬೆಲೆ, ಅಂದರೆ ಎನ್‌ಎವಿ ಸಿಕ್ಕಿತೋ ಆ ದಿನ. ಮಧ್ಯಾಹ್ನ 3 ಗಂಟೆ ದಾಟಿ ಕೊಟ್ಟ ಅರ್ಜಿಗೆ ಮುಂದಿನ ವಹಿವಾಟು ದಿನದ ಎನ್‌ಎವಿ ಬರುತ್ತದೆ. ವರ್ಷದ ಕೊನೆಯ ದಿನ ಹಾಗಾದರೆ ನಷ್ಟ ಮುಂದಿನ ವರ್ಷಕ್ಕೆ ಜಾರಿತು.

ಲಾಭಕ್ಕಿಂತ ನಷ್ಟವೇ ಹೆಚ್ಚಾಗಿ ಉಳಿದರೆ ಅದನ್ನು ಎಂಟು ವರ್ಷದವರೆಗೆ ಮುಂದಕ್ಕೆ ಒಯ್ಯಬಹುದು, ಅಲ್ಲೂ ಅಲ್ಪಾವಧಿ ದೀರ್ಘಾವಧಿಯ ಅದೇ ನಿಯಮ. ಇದಕ್ಕೊಂದು ಕಟ್ಟುನಿಟ್ಟಿನ ಷರತ್ತು: ರಿಟರ್ನನ್ನು ಗಡುವಿನೊಳಗೆ, ಸಾಮಾನ್ಯವಾಗಿ ಜುಲೈ 31ರೊಳಗೆ, ಸಲ್ಲಿಸಿರಬೇಕು. ತಡವಾಗಿ ಸಲ್ಲಿಸಿದರೆ ಆ ವರ್ಷದೊಳಗಿನ ಹೊಂದಾಣಿಕೆ ಸಿಗುತ್ತದೆ, ಮುಂದಕ್ಕೆ ಒಯ್ಯುವುದು ಹೋಯಿತು. ಅಲ್ಪಾವಧಿ ಲಾಭವೋ ಮುಂದಕ್ಕೆ ಒಯ್ಯುವ ನಷ್ಟವೋ ಇರುವ ಸಂಬಳದಾರರು ರೂಢಿಯಂತೆ ಐಟಿಆರ್-1 ತುಂಬುವ ಹಾಗಿಲ್ಲ. ಅಧ್ಯಾಪಕಿಯವರಿಗೆ ಬೇಕಾದದ್ದು ಐಟಿಆರ್-2. ಮುಂದಕ್ಕೆ ಒಯ್ಯುವ ನಷ್ಟ ಇದ್ದವರು ಸಲ್ಲಿಸಿದ ಮೇಲೆ ಅದರ ಪ್ರತಿ ತೆರೆದು, Schedule CFL ಎಂಬ ಪುಟದಲ್ಲಿ ತಮ್ಮ ಮೊತ್ತ ಬಂದಿದೆಯೇ ಎಂದು ನೋಡಬೇಕು. ಅಲ್ಲಿ ಇಲ್ಲದಿದ್ದರೆ ಸಲ್ಲಿಸಿದ ಕೂಡಲೇ ಪರಿಷ್ಕೃತ ರಿಟರ್ನ್ ಹಾಕಿ ಸರಿಮಾಡಿಸಿಕೊಳ್ಳಬೇಕು, ಮುಂದಿನ ವರ್ಷ ಬಳಸಲು ಹೋದಾಗ ಅಲ್ಲ.